ಒಂದು ವಾರದ ರಜೆ, ಒಂದು ಪುಟದ ಅರ್ಜಿ

ಮದುವೆ, ಜಾತ್ರೆ, ಹೆರಿಗೆ, ಜ್ವರ, ಹೊಲದ ಕೆಲಸ, ಇವುಗಳಿಗಾಗಿ ಬರೆದ ರಜೆಯ ಅರ್ಜಿಗಳನ್ನು ಓದುವುದೇ ನಮ್ಮ ಉದ್ಯೋಗವಾಗಿತ್ತು. ಈ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕುಳಿತು, ಅರ್ಜಿಗೆ ಷರಾ ಬರೆದು ಮೇಲಿನವರ ಮೇಜಿಗೆ ಕಳುಹಿಸುತ್ತಿದ್ದೆವು. ನಿವೃತ್ತರಾಗಿ ಅರಭಾವಿಗೆ ಬಂದು ನೆಲೆಸಿದ ಮೇಲೆಯೂ ಓಣಿಯ ಹುಡುಗರು ಅರ್ಜಿ ಹಿಡಿದು ನಮ್ಮ ಕಟ್ಟೆಗೆ ಬರುವುದು ತಪ್ಪಿಲ್ಲ. ಈ ಎಲ್ಲ ಅರ್ಜಿಗಳಲ್ಲಿ ಅತ್ಯಂತ ಕಷ್ಟದ್ದು ಯಾವುದೆಂದು ಯಾರಾದರೂ ಕೇಳಿದರೆ, ಸೇವೆಗೆ ಹೋಗುತ್ತೇನೆಂದು ಕೇಳುವ ರಜೆಯ ಅರ್ಜಿ ಎಂದೇ ಹೇಳುತ್ತೇವೆ. ಜ್ವರಕ್ಕೆ ವೈದ್ಯರ ಚೀಟಿಯುಂಟು, ಮದುವೆಗೆ ಲಗ್ನಪತ್ರಿಕೆಯುಂಟು. ಸೇವೆಗೆ ಸಾಕ್ಷಿಯಾಗಿ ಅರ್ಜಿದಾರನ ಒಳ್ಳೆಯ ಮನಸ್ಸು ಮಾತ್ರ ಇರುತ್ತದೆ. ಒಳ್ಳೆಯ ಮನಸ್ಸನ್ನು ನೋಡಿ ರಜೆ ಕೊಟ್ಟ ವ್ಯವಸ್ಥಾಪಕರನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಇಂತಹ ತರುಣರು ಇರಬಹುದು. ಆದ್ದರಿಂದ ಒಂದು ಅರ್ಜಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇವೆ.

2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯ ತುಂಬಿ, ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಒಮ್ಮೆಲೇ ಉಕ್ಕಿ ಹರಿದುದನ್ನು ಈ ಭಾಗದವರು ಮರೆತಿಲ್ಲ. ಗೋಕಾಕದ ಓಣಿಗಳಲ್ಲಿ ನೀರು ನಿಂತಿತು, ಲೋಳಸೂರ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ನದಿದಂಡೆಯ ಶಾಲೆಗಳಿಗೆ ಸುಣ್ಣಬಣ್ಣವಾಯಿತು, ಹೊಸ ಬೆಂಚುಗಳು ಬಂದವು. ಗೋಡೆಯೊಳಗಿನ ತಂತಿಯನ್ನು ಮಾತ್ರ ಅನೇಕ ಕಡೆ ಯಾರೂ ತೆರೆದು ನೋಡಲಿಲ್ಲ. ನೀರಿನ ಗುರುತು ಗೋಡೆಯ ಮೇಲೆ ಎಲ್ಲಿಯವರೆಗೆ ಏರಿದೆಯೋ ಅದಕ್ಕಿಂತ ಕೆಳಗಿರುವ ಸ್ವಿಚ್‌ಬೋರ್ಡುಗಳಲ್ಲೆಲ್ಲ ರಾಡಿ ತುಂಬಿಕೊಂಡಿರುತ್ತದೆ. ಒಣಗಿದ ರಾಡಿ ಬೇಸಿಗೆಯಲ್ಲಿ ಸುಮ್ಮನಿರುತ್ತದೆ. ಮಳೆಗಾಲದ ಶೀತಕ್ಕೆ ಅದು ಮತ್ತೆ ನೆನೆದು ಬೋರ್ಡಿನ ಕಬ್ಬಿಣದ ಪೆಟ್ಟಿಗೆಗೆ ವಿದ್ಯುತ್ತನ್ನು ಹಾಯಿಸುತ್ತದೆ. ಒಂದು ಶಾಲೆಯಲ್ಲಿ ನೀರಿನ ಮೋಟಾರು ಚಾಲೂ ಇದ್ದಾಗ ನಳ ಮುಟ್ಟಿದ ಮಗುವಿನ ಕೈ ಜುಮ್ಮೆಂದಿತು. ಮಗುವಿಗೆ ಏನೂ ಆಗಲಿಲ್ಲ. ಆ ಮಗು ನಮ್ಮ ಓಣಿಯ ತರುಣನೊಬ್ಬನ ಅಕ್ಕನ ಮಗಳು. ತರುಣನು ಒಂದು ಸಕ್ಕರೆ ಕಾರ್ಖಾನೆಯಲ್ಲಿ ವಾಯರ್‌ಮನ್. ಸುದ್ದಿ ಕೇಳಿದಂದಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲವೆಂದು ಅವನ ತಾಯಿ ಹೇಳುತ್ತಿದ್ದರು.

ಕೊರೊನಾ ಕಾಲ ಕಳೆದು 2022ನೆಯ ಇಸವಿ ಬಂದಾಗ ಒಂದು ಸೇವಾಸಂಸ್ಥೆಯವರು ಇಂತಹ ಒಂಬತ್ತು ಶಾಲೆಗಳ ವಿದ್ಯುತ್ ಜೋಡಣೆಯನ್ನು ಪರೀಕ್ಷಿಸಿ ಸರಿಪಡಿಸುವ ಒಂದು ವಾರದ ಕಾರ್ಯಕ್ರಮ ಹಾಕಿಕೊಂಡರು. ಗೋಕಾಕ ಕಡೆಯ ಆರು ಶಾಲೆಗಳು, ಹುಕ್ಕೇರಿ ಕಡೆಯ ಮೂರು. ಬೇಸಿಗೆಯಲ್ಲಿ ಏಪ್ರಿಲ್ ಮೂರನೆಯ ವಾರ, ಮೇ ಮೊದಲನೆಯ ವಾರ, ಮೇ ಕೊನೆಯ ವಾರ ಎಂದು ಮೂರು ಅವಧಿಗಳನ್ನು ಸೂಚಿಸಿ, ಬಹುಮಂದಿ ಸ್ವಯಂಸೇವಕರಿಗೆ ಯಾವುದು ಅನುಕೂಲವೋ ಅದನ್ನು ಗೊತ್ತುಮಾಡುತ್ತೇವೆಂದು ತಿಳಿಸಿದರು. ತರುಣನು ಅಂದೇ ಒಂದು ಅರ್ಜಿ ಬರೆದು ನಮ್ಮಲ್ಲಿಗೆ ತಂದನು.

“ಕಾಕಾರ, ಇದನ್ನ ಒಂದ್ಸಲ ಓದ್ರಿ. ದೇವರ ಕೆಲಸಕ್ಕ ಹೊಂಟೀನಿ, ಸಾಹೇಬರು ಬ್ಯಾಡ ಅನ್ನಂಗಿಲ್ಲ.”

ಓದಿದೆವು. ಅಕ್ಷರ ಚೆನ್ನಾಗಿತ್ತು. ಸಮಾಜದ ಋಣ, ಮಾನವಸೇವೆ, ಬಡ ಮಕ್ಕಳ ಕಣ್ಣೀರು ಎಲ್ಲವೂ ಇದ್ದವು. ಕೊನೆಯಲ್ಲಿ ಎರಡು ಸಾಲುಗಳು ಹೀಗಿದ್ದವು: ಹಂಗಾಮು ಮುಗಿದಿರುವುದರಿಂದ ಆ ವಾರ ನನಗೆ ಕಾರ್ಖಾನೆಯಲ್ಲಿ ವಿಶೇಷ ಕೆಲಸವಿರುವುದಿಲ್ಲ, ಈ ಸೇವೆಯಿಂದ ಕಾರ್ಖಾನೆಯ ಕೀರ್ತಿ ಹೆಚ್ಚುವುದು.

“ಸಾಹೇಬರು ಗುಡಿ ನಡಸಾಂಗಿಲ್ಲಪ್ಪ, ಕಾರ್ಖಾನಿ ನಡಸ್ತಾರ,” ಎಂದೆವು. “ಅವರಿಗೇನು ಬರ್ತೈತಿ ಅನ್ನೂದು ಇದರಾಗ ಎಲ್ಲೈತಿ?”

ಅವನು ಕೀರ್ತಿಯ ಸಾಲನ್ನು ತೋರಿಸಿದನು. ಕೀರ್ತಿಯನ್ನು ಅಳೆಯುವ ಮಾಪಕ ಯಾವ ಕಾರ್ಖಾನೆಯಲ್ಲಿಯೂ ಇಲ್ಲ. ಒಬ್ಬ ವಾಯರ್‌ಮನ್ ಹಳ್ಳಿಯ ಶಾಲೆಯಲ್ಲಿ ಬೋರ್ಡು ಬಿಚ್ಚಿದ್ದರಿಂದ ಸಕ್ಕರೆಯ ದರ ಏರುವುದಿಲ್ಲವೆಂಬುದು ಸಾಹೇಬರಿಗೂ ಗೊತ್ತು, ಅವನಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ಸುಳ್ಳು ಅರ್ಜಿಯಲ್ಲಿ ಬಂದರೆ ಉಳಿದ ನಿಜದ ಬೆಲೆಯೂ ಇಳಿಯುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಮೊದಲನೆಯ ಸಾಲು. ‘ನನಗೆ ಕೆಲಸವಿರುವುದಿಲ್ಲ’ ಎಂದು ನೌಕರನು ತನ್ನ ಕೈಯಿಂದಲೇ ಬರೆದುಕೊಟ್ಟ ಕಾಗದ ಕಡತದಲ್ಲಿ ಕುಳಿತರೆ, ಮುಂದೆ ಸಿಬ್ಬಂದಿ ಕಡಿತದ ಮಾತು ಬಂದಾಗ ಆ ಕಾಗದವೇ ಮೊದಲು ಹೊರಬರುತ್ತದೆ. ನಾವು ಇದನ್ನು ಕಣ್ಣಾರೆ ಕಂಡವರು. ಆ ಸಾಲನ್ನು ಅಂದೇ ಹೊಡೆದುಹಾಕಿದೆವು.

ಸಕ್ಕರೆ ಕಾರ್ಖಾನೆಯ ವರ್ಷವನ್ನು ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸುಮಾರಾಗಿ ಅಕ್ಟೋಬರ್ ಕೊನೆ ಇಲ್ಲವೆ ನವೆಂಬರಿನಿಂದ ಮಾರ್ಚಿನವರೆಗೆ ಕಬ್ಬು ನುರಿಸುವ ಹಂಗಾಮು. ಆಗ ಯಂತ್ರ ಹಗಲುರಾತ್ರಿ ನಿಲ್ಲದು. ಆ ದಿನಗಳಲ್ಲಿ ವಿದ್ಯುತ್ ವಿಭಾಗದವನು ಒಂದು ವಾರ ಸೇವೆಗೆ ಹೋಗುತ್ತೇನೆಂದರೆ ಅರ್ಜಿಯನ್ನು ಓದುವವರೇ ಇರುವುದಿಲ್ಲ. ಹಂಗಾಮು ಮುಗಿದೊಡನೆ ದುರಸ್ತಿಯ ಕಾಲ. ಗಾಣ, ಬಾಯ್ಲರು, ಟರ್ಬೈನುಗಳನ್ನು ಬಿಚ್ಚುತ್ತಾರೆ. ಮೋಟಾರುಗಳನ್ನು ಇಳಿಸಿ, ಸುಟ್ಟವುಗಳನ್ನು ವೈಂಡಿಂಗ್ ಅಂಗಡಿಗೆ ಕಳುಹಿಸುತ್ತಾರೆ. ಹೊರಗಿನವರಿಗೆ ಕಾರ್ಖಾನೆ ಮಲಗಿದಂತೆ ಕಾಣುತ್ತದೆ. ಒಳಗೆ ವಾಯರ್‌ಮನ್‌ಗಳಿಗೆ ಬಿಡುವಿಲ್ಲ. ಏಪ್ರಿಲ್ ಮೂರನೆಯ ವಾರದಲ್ಲಿ ಮೋಟಾರು ಇಳಿಸುವ ಕೆಲಸ. ಮೇ ತಿಂಗಳ ಕೊನೆಗೆ ವೈಂಡಿಂಗ್ ಆದವು ಒಂದೊಂದಾಗಿ ಮರಳಿ ಬರುತ್ತವೆ, ಅವುಗಳನ್ನು ಪರೀಕ್ಷಿಸಿ ಕೂರಿಸುವ ಕೆಲಸ. ನಡುವೆ, ಮೋಟಾರುಗಳು ಅಂಗಡಿಯಲ್ಲಿಯೇ ಇರುವ ದಿನಗಳು ಮೇ ಮೊದಲನೆಯ ವಾರ. ಇದನ್ನು ತರುಣನು ಬಲ್ಲನು. ಆದರೆ ಅರ್ಜಿಯಲ್ಲಿ ಬರೆದಿರಲಿಲ್ಲ.

ಆಗ ಪಂಚಾಂಗ ತೆರೆದೆವು. 2022ರ ಮೇ 1 ಭಾನುವಾರ. ಕಾರ್ಮಿಕರ ದಿನವೂ ಅಂದೇ. 3ನೆಯ ತಾರೀಖು ಮಂಗಳವಾರ ಬಸವ ಜಯಂತಿ, ಸರಕಾರಿ ರಜೆ. ಅವನ ಕಾರ್ಖಾನೆಯ ರಜಾಪಟ್ಟಿಯಲ್ಲಿಯೂ ಅದು ಇತ್ತು. ಭಾನುವಾರದಿಂದ ಶನಿವಾರದವರೆಗಿನ ಏಳು ದಿನಗಳ ಸೇವೆಗೆ 2, 4, 5, 6, 7, ಈ ಐದೇ ದಿನಗಳ ರಜೆ ಸಾಕು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ಗಳಿಕೆ ರಜೆಯ ನಡುವೆ ಅಥವಾ ಅಂಚಿನಲ್ಲಿ ಬರುವ ಸೂಟಿಗಳನ್ನು ರಜೆಯ ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಅದೇ ಕಾಯಿದೆಯು ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ರಜೆ ಕೊಡುತ್ತಿತ್ತು. ರಜೆ ಆರಂಭವಾಗುವ ಹದಿನೈದು ದಿನಗಳ ಮೊದಲು ಲಿಖಿತ ಅರ್ಜಿ ಬೇಕೆಂದು ವಿಧಿಸಿತ್ತು. ನಮ್ಮ ತರುಣನು ಹಿಂದಿನ ವರ್ಷ 280 ದಿನ ದುಡಿದಿದ್ದನು, ಅವನ ಖಾತೆಯಲ್ಲಿ ಹದಿನಾಲ್ಕು ದಿನ ಇದ್ದವು. (2025ರ ನವೆಂಬರಿನಿಂದ ಹೊಸ ಸಂಹಿತೆ ಜಾರಿಗೆ ಬಂದು 240ರ ಜಾಗದಲ್ಲಿ 180 ಎಂದಾಗಿದೆ. ಈಗ ಅರ್ಜಿ ಹಾಕುವವರು ತಮ್ಮ ತಮ್ಮ ಕಾರ್ಖಾನೆಯ ಫಲಕದಲ್ಲಿ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು.)

ಇಷ್ಟಾದ ಮೇಲೆ ಮನೆಯ ಕಡೆಯಿಂದ ತಕರಾರು ಬಂದಿತು. ಅವನ ತಂದೆಯವರು ನಮ್ಮ ಕಟ್ಟೆಗೇ ಬಂದು, “ಜೂನ್‌ದಾಗ ಮಗಳ ಮದುವಿ ಐತಿ. ಇಂವಾ ರಜಾ ಎಲ್ಲಾ ಊರ ಮಂದಿಗೆ ಹಂಚಿ ಕುಂತರ ಮದುವಿ ಮಾಡಾವ್ರು ಯಾರ್ರಿ?” ಎಂದರು. ಮಾತು ನ್ಯಾಯವಾಗಿಯೇ ಇತ್ತು. ಹದಿನಾಲ್ಕರಲ್ಲಿ ಐದು ಸೇವೆಗೆ, ಆರು ಮದುವೆಗೆ, ಉಳಿದದ್ದು ಮೂರು. ವರ್ಷದ ಉಳಿದ ತಿಂಗಳುಗಳಿಗೆ ಮೂರು ದಿನ ಇಟ್ಟುಕೊಂಡು ಬದುಕುವುದು ಕಷ್ಟವೇ. ಮನೆಯಲ್ಲಿ ಒಬ್ಬರು ಮಲಗಿದರೆ ಸಂಬಳ ಕಡಿತ ತಪ್ಪಿದ್ದಲ್ಲ. ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮದುವಿಗೆ ಆರು ಬ್ಯಾರೆ ಇಟ್ಟೀನಿ ಅಪ್ಪಾರ. ಆ ಶಾಲಿಗೆ ನಮ್ಮ ಹುಡುಗೀನ ಹೋಗ್ತೈತಿ,” ಎಂದನು. ತಂದೆಯವರು ಮತ್ತೆ ಮಾತನಾಡಲಿಲ್ಲ.

ಅವನ ಗೆಳೆಯನೊಬ್ಬ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದನು. ಸ್ವಂತ ರಜೆಯನ್ನೇಕೆ ಕಳೆಯಬೇಕು, ಸಂಬಳಸಹಿತ ವಿಶೇಷ ರಜೆಯನ್ನೇ ಕೇಳು. ಆ ಐದು ದಿನಗಳ ಸಂಬಳವನ್ನು ಕಾರ್ಖಾನೆಯವರು ತಮ್ಮ ಸಿ.ಎಸ್.ಆರ್. ವೆಚ್ಚದಲ್ಲಿ ತೋರಿಸಿಕೊಳ್ಳಲಿ, ಅದೇ ಅವರಿಗೆ ಲಾಭ ಎಂದು. ಈ ಮಾತು ಹಲವರ ಬಾಯಲ್ಲಿ ಇರುವುದರಿಂದ ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ತಮ್ಮ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. 2014ರಲ್ಲಿ ಕೇಂದ್ರ ಸರಕಾರದ ಸುತ್ತೋಲೆಯೊಂದು ಸ್ವಯಂಸೇವಕ ನೌಕರರ ವೇಳೆಯ ಸಂಬಳವನ್ನೂ ಆ ವೆಚ್ಚದಲ್ಲಿ ಸೇರಿಸಬಹುದೆಂದು ಹೇಳಿದ್ದುಂಟು. ಗೆಳೆಯನು ಕೇಳಿದ್ದು ಆ ಹಳೆಯ ಮಾತನ್ನು. 2021ರ ಆಗಸ್ಟಿನ ವಿವರಣೆಯಲ್ಲಿ ಸರಕಾರವು, ನೌಕರರನ್ನು ಇಂತಹ ಕಾರ್ಯಗಳಲ್ಲಿ ತೊಡಗಿಸುವುದು ಒಳ್ಳೆಯದೇ ಆದರೂ ಅವರ ಉಚಿತ ಸೇವೆಗೆ ಹಣದ ಬೆಲೆ ಕಟ್ಟಿ ಸಿ.ಎಸ್.ಆರ್. ವೆಚ್ಚವೆಂದು ತೋರಿಸುವಂತಿಲ್ಲವೆಂದು ತಿಳಿಸಿತು. ಲೆಕ್ಕಪತ್ರ ಬಲ್ಲ ವ್ಯವಸ್ಥಾಪಕರಿಗೆ ಇದು ಗೊತ್ತಿರುತ್ತದೆ. ಅವರಿಗೆ ಇಲ್ಲದ ಲಾಭವನ್ನು ತೋರಿಸಿದರೆ ಅರ್ಜಿ ಅಲ್ಲಿಯೇ ಮುಗಿಯಿತು.

ವಿಶೇಷ ರಜೆಯ ವಿಚಾರದಲ್ಲಿ ಮತ್ತೊಂದು ತೊಡಕುಂಟು. ದೊಡ್ಡ ಊರಿನ ಕೆಲವು ಕಂಪನಿಗಳಲ್ಲಿ ಸ್ವಯಂಸೇವೆಗೆಂದೇ ವರ್ಷಕ್ಕೆ ಇಷ್ಟು ದಿನ ಎಂಬ ನಿಯಮವಿರುತ್ತದೆ. ಇದ್ದಲ್ಲಿ ಕೇಳಬೇಕು. ನಿಯಮವಿಲ್ಲದ ಕಾರ್ಖಾನೆಯಲ್ಲಿ ಒಬ್ಬನಿಗೆ ಕೊಟ್ಟ ವಿಶೇಷ ರಜೆಯು ಮರುದಿನವೇ ಪೂರ್ವನಿದರ್ಶನವಾಗಿಬಿಡುತ್ತದೆ. ನಾವು ಟೈಮ್ ಆಫೀಸಿನಲ್ಲಿದ್ದಾಗ ಮೇಲಿನವರು ಮೊದಲು ಕೇಳುತ್ತಿದ್ದ ಪ್ರಶ್ನೆ “ಈವರೆಗೆ ಯಾರಿಗಾದರೂ ಹೀಗೆ ಕೊಟ್ಟಿದ್ದುಂಟೇ?” ಎಂಬುದು. ಅರ್ಜಿದಾರನ ಮೇಲಿನ ಸಿಟ್ಟಿನಿಂದಲ್ಲ, ಅವನ ಹಿಂದೆ ನಿಂತ ನೂರು ಜನರ ಭಯದಿಂದ. ಸ್ವಂತ ಗಳಿಕೆ ರಜೆಯನ್ನೇ ಕೇಳಿದರೆ ಈ ಭಯವಿಲ್ಲ. ಹಾಗಾದರೆ ಸ್ವಂತ ರಜೆಯನ್ನು ಕೇಳುವವನು ಮಾಲೀಕರ ಲಾಭವನ್ನು ಏಕೆ ಹೇಳಬೇಕು ಎಂದರೆ, ರಜೆ ನಮ್ಮದಾದರೂ ಯಾವ ವಾರ ಎಂಬುದು ನಮ್ಮ ಕೈಯಲ್ಲಿಲ್ಲ. ‘ಜುಲೈಯಲ್ಲಿ ಹೋಗು’ ಎಂದು ಅವರು ಹೇಳಬಹುದು. ಜುಲೈಗೆ ಶಾಲೆ ತೆರೆದು ಮಳೆ ಹಿಡಿದಿರುತ್ತದೆ.

ಹಾಗಾದರೆ ಕಾರ್ಖಾನೆಗೆ ಈ ವಾರದಿಂದ ನಿಜವಾಗಿ ಏನು ಬರುತ್ತದೆ? ಇದನ್ನು ಹುಡುಕಲು ನಮಗೆ ಎರಡು ಸಂಜೆಗಳು ಹಿಡಿದವು. ಸೇವಾಸಂಸ್ಥೆಯವರ ಕಾರ್ಯಪಟ್ಟಿಯನ್ನು ತರಿಸಿ ಓದಿದಾಗ ಅದರಲ್ಲಿ ಒಂದು ಸಂಗತಿ ಸಿಕ್ಕಿತು. ಮೊದಲನೆಯ ದಿನ ನಿವೃತ್ತ ವಿದ್ಯುತ್ ಅಭಿಯಂತರರೊಬ್ಬರು ಎಲ್ಲ ಸ್ವಯಂಸೇವಕರಿಗೆ ಅರ್ಥಿಂಗ್ ಅಳೆಯುವುದನ್ನು ಕಲಿಸುವವರಿದ್ದರು. ಅರ್ಥ್ ಗುಂಡಿಯೆಂದರೆ ನೆಲದಲ್ಲಿ ಸುಮಾರು ಎರಡೂವರೆ ಮೀಟರು ಆಳಕ್ಕೆ ಕೊಳವೆ ಹೂತು ಸುತ್ತ ಇದ್ದಿಲು, ಉಪ್ಪು ತುಂಬಿದ ಗುಂಡಿ. ಎಲ್ಲಿಯಾದರೂ ವಿದ್ಯುತ್ತು ತಪ್ಪಿ ಕಬ್ಬಿಣಕ್ಕೆ ತಗುಲಿದರೆ ಅದು ಮನುಷ್ಯನ ಮೈಯಿಂದ ಹೋಗದೆ ಈ ಗುಂಡಿಯಿಂದ ಭೂಮಿಗೆ ಹೋಗಲೆಂದು ಇರುವ ಏರ್ಪಾಡು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಕೊಳವೆಯನ್ನು ಅಪ್ಪಿಕೊಂಡಿರುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಕೊಳವೆಯಿಂದ ದೂರ ಸರಿಯುತ್ತದೆ. ಆದಕಾರಣ ಅದನ್ನು ಒಣ ಬೇಸಿಗೆಯಲ್ಲಿಯೇ ಅಳೆಯಬೇಕು. ಆಗ ಸರಿಯಿದ್ದರೆ ಉಳಿದ ಕಾಲದಲ್ಲಿಯೂ ಸರಿಯಿರುತ್ತದೆ. ಅಳೆಯಲು ಅರ್ಥ್ ಟೆಸ್ಟರ್ ಎಂಬ ಸಾಧನವುಂಟು. ಗುಂಡಿಯಿಂದ ದೂರದಲ್ಲಿ ಎರಡು ಸಲಾಕೆಗಳನ್ನು ಸಾಲಾಗಿ ನೆಟ್ಟು, ತಂತಿ ಜೋಡಿಸಿ, ಅಂಕಿ ಓದಬೇಕು. ಸಲಾಕೆಗಳನ್ನು ತೀರ ಹತ್ತಿರ ನೆಟ್ಟರೆ ಅಂಕಿ ಸುಳ್ಳು ಹೇಳುತ್ತದೆ. ನಡುವಿನ ಸಲಾಕೆಯನ್ನು ಸ್ವಲ್ಪ ಅತ್ತಿತ್ತ ಸರಿಸಿದರೂ ಅಂಕಿ ಹೆಚ್ಚು ಬದಲಾಗದಿದ್ದರೆ ಮಾತ್ರ ಅದನ್ನು ನಂಬಬಹುದು.

“ನಿಮ್ಮ ಕಾರ್ಖಾನ್ಯಾಗ ಇದನ್ನ ಯಾರು ಅಳೀತಾರು?” ಎಂದು ಕೇಳಿದೆವು.

“ಹೊರಗಿನ ಮಂದಿ ಬರ್ತಾರ್ರಿ. ಯಂತ್ರದ ಕಡೆ ಅಳದು ಹೋಗ್ತಾರ. ಕಾಲನಿ ಕಡೆ ಯಾರೂ ಹಾಯಂಗಿಲ್ಲ.”

ಕಾರ್ಖಾನೆಯ ಕಾಲನಿಯಲ್ಲಿ ನೌಕರರ ಮನೆಗಳಿದ್ದವು. ಅವುಗಳಿಗೆಲ್ಲ ಸೇರಿ ಹದಿನಾಲ್ಕು ಗುಂಡಿಗಳು. ಅಳೆಯುವ ಸಾಧನವು ಕಾರ್ಖಾನೆಯ ಉಗ್ರಾಣದಲ್ಲಿಯೇ ಇತ್ತು, ಉಪಯೋಗಿಸಬಲ್ಲ ಕೈ ಇರಲಿಲ್ಲ. ಒಂದು ವಾರದಲ್ಲಿ ಒಂಬತ್ತು ಶಾಲೆಗಳಲ್ಲಿ ಅಳೆದು ಬಂದವನು ಹದಿನಾಲ್ಕು ಗುಂಡಿಗಳನ್ನು ಎರಡು ದಿನದಲ್ಲಿ ಅಳೆಯಬಲ್ಲನು, ಅದೂ ಮಳೆ ಬೀಳುವ ಮುಂಚೆ. ಇದು ಸಾಹೇಬರು ಕಣ್ಣಿನಿಂದ ನೋಡಿ, ಕಾಗದದ ಮೇಲೆ ಎಣಿಸಿಕೊಳ್ಳಬಹುದಾದ ಲಾಭ. ಬೇರೆ ಯಾವ ಲಾಭವನ್ನೂ ಅರ್ಜಿಯಲ್ಲಿ ಹೇಳುವುದು ಬೇಡವೆಂದು ನಿಶ್ಚಯಿಸಿದೆವು. ಮುಂದಾಳುತನ, ಒಗ್ಗಟ್ಟು, ಮನೋಬಲ ಮುಂತಾದವು ಬಂದರೆ ಬರಲಿ, ಅವುಗಳನ್ನು ಬರೆದುಕೊಟ್ಟು ಬಂದವನು ಮುಂದೆ ತೋರಿಸುವುದು ಹೇಗೆ?

ಇನ್ನು ಸಾಹೇಬರ ಭಯಗಳು. ಸೇವೆಯ ಸ್ಥಳದಲ್ಲಿ ಅಪಘಾತವಾದರೆ ಯಾರು ಹೊಣೆ ಎಂಬುದು ಮೊದಲನೆಯದು. ವಿದ್ಯುತ್ತಿನ ಕೆಲಸವಾದ್ದರಿಂದ ಈ ಭಯ ಸಹಜ. ಪರಿಹಾರದ ಕಾಯಿದೆಗಳು ಕೆಲಸದಿಂದ, ಕೆಲಸದ ವೇಳೆಯಲ್ಲಿ ಆದ ಅಪಘಾತಕ್ಕೆ ಮಾಲೀಕನನ್ನು ಹೊಣೆ ಮಾಡುತ್ತವೆ, ರಜೆಯಲ್ಲಿ ಬೇರೆಡೆ ಆದದ್ದಕ್ಕಲ್ಲ. ಆದರೂ ಸೇವಾಸಂಸ್ಥೆಯು ಅಪಘಾತ ವಿಮೆ ಮಾಡಿಸಿದೆಯೇ ಎಂದು ಕೇಳಿ, ಅವರಿಂದ ಪತ್ರ ತರಿಸಿದೆವು. ಕೆಲಸವೆಲ್ಲ ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರ ಮೇಲ್ವಿಚಾರಣೆಯಲ್ಲಿ ನಡೆಯುವುದೆಂದು ಅದೇ ಪತ್ರದಲ್ಲಿ ಬರೆಯಿಸಿದೆವು. ಎರಡನೆಯ ಭಯ, ತಮ್ಮ ನೌಕರನು ವಿದ್ಯುತ್ ಸರಬರಾಜಿನವರೊಂದಿಗೆ ತಂಟೆ ತಂದುಕೊಂಡಾನೆಂಬುದು. ನಮ್ಮ ಭಾಗದಲ್ಲಿ ಇದಕ್ಕೊಂದು ವಿಶೇಷವುಂಟು. ಗೋಕಾಕ ಕಡೆ ಸರಬರಾಜು ಹೆಸ್ಕಾಂನದು. ಹುಕ್ಕೇರಿ ತಾಲೂಕಿನಲ್ಲಿ 1969ರಿಂದ ನಡೆದು ಬಂದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ನೆರೆಯ ಶಾಲೆಗಳಾದರೂ ಮೀಟರಿನ ಒಡೆಯರು ಬೇರೆ. ಸೇವಾಸಂಸ್ಥೆಯವರು ಒಂದೇ ಕಚೇರಿಗೆ ಪತ್ರ ಬರೆದಿದ್ದರು. ತರುಣನು ನೆನಪಿಸಿದ ಮೇಲೆ ಎರಡನೆಯದಕ್ಕೂ ಬರೆದರು. ಸ್ವಯಂಸೇವಕರು ಮೀಟರಿನಿಂದ ಆಚೆಗಿನ ಶಾಲೆಯ ಜೋಡಣೆಯನ್ನು ಮಾತ್ರ ಮುಟ್ಟುವರೆಂದು ಗೊತ್ತಾಯಿತು.

ಅರ್ಜಿಯ ಕೊನೆಯ ರೂಪ ಹೀಗಿತ್ತು. ಉಪಯೋಗವಾಗಬಹುದೆಂದು ಹೆಸರುಗಳನ್ನು ಬಿಟ್ಟು ಕೊಡುತ್ತಿದ್ದೇವೆ.

“ಮಾನ್ಯ ಕಾರ್ಖಾನೆ ವ್ಯವಸ್ಥಾಪಕರಿಗೆ, ವಿದ್ಯುತ್ ವಿಭಾಗದ ಮುಖ್ಯಸ್ಥರ ಮುಖಾಂತರ. ವಿಷಯ: 2022ರ ಮೇ 2, 4, 5, 6, 7, ಈ ಐದು ದಿನಗಳ ಗಳಿಕೆ ರಜೆ ಕೋರಿ.

ಮೇ 1ರಿಂದ 7ರವರೆಗೆ ಲಗತ್ತಿಸಿದ ಪತ್ರದಲ್ಲಿ ಹೆಸರಿಸಿದ ಸೇವಾಸಂಸ್ಥೆಯು ನೆರೆಗೆ ಸಿಕ್ಕ ಒಂಬತ್ತು ಶಾಲೆಗಳ ವಿದ್ಯುತ್ ಜೋಡಣೆಯನ್ನು ಪರೀಕ್ಷಿಸಿ ಸರಿಪಡಿಸುವ ಕಾರ್ಯದಲ್ಲಿ ಸ್ವಯಂಸೇವಕನಾಗಿ ಭಾಗವಹಿಸಲು ಇಚ್ಛಿಸಿದ್ದೇನೆ. ನನ್ನ ಖಾತೆಯಲ್ಲಿ 14 ದಿನಗಳ ಗಳಿಕೆ ರಜೆ ಇದೆ. 3ನೆಯ ತಾರೀಖು ಕಾರ್ಖಾನೆಯ ರಜಾದಿನ.

ಆ ವಾರ ಇಳಿಸಿದ ಮೋಟಾರುಗಳು ವೈಂಡಿಂಗ್‌ಗೆ ಹೋಗಿರುತ್ತವೆ. ನನ್ನ ಪಾಲಿನ ಸ್ಟಾರ್ಟರುಗಳ ಶುಚಿಕಾರ್ಯವನ್ನು ಏಪ್ರಿಲ್ 30ರೊಳಗೆ ಮುಗಿಸುತ್ತೇನೆ. ಪ್ರತಿದಿನದ ಪಾಳಿಯನ್ನು ನೋಡಿಕೊಳ್ಳಲು ಸಹೋದ್ಯೋಗಿಯೊಬ್ಬರು ಒಪ್ಪಿ ಕೆಳಗೆ ಸಹಿ ಮಾಡಿದ್ದಾರೆ. ತುರ್ತು ಬಿದ್ದರೆ ಒಂದು ದಿನದೊಳಗೆ ಮರಳಿ ಬರುವ ದೂರದಲ್ಲಿ ಇರುತ್ತೇನೆ.

ಈ ಕಾರ್ಯದಲ್ಲಿ ಅರ್ಥ್ ಟೆಸ್ಟರ್ ಉಪಯೋಗಿಸುವ ತರಬೇತಿ ಹಾಗೂ ಒಂಬತ್ತು ಸ್ಥಳಗಳ ಅಭ್ಯಾಸ ದೊರೆಯುತ್ತದೆ. ಮರಳಿದ ಮೇಲೆ, ತಾವು ಒಪ್ಪಿದರೆ, ಉಗ್ರಾಣದಲ್ಲಿರುವ ಸಾಧನದಿಂದ ಕಾಲನಿಯ 14 ಗುಂಡಿಗಳನ್ನು ಮೇ 31ರೊಳಗೆ ಅಳೆದು ಪಟ್ಟಿ ಸಲ್ಲಿಸುತ್ತೇನೆ. ಸಂಸ್ಥೆಯ ಅಪಘಾತ ವಿಮೆಯ ಹಾಗೂ ಮೇಲ್ವಿಚಾರಣೆಯ ಪತ್ರ ಲಗತ್ತಿಸಿದೆ.

ಆ ವಾರ ಅನಾನುಕೂಲವಾದರೆ ಮೇ ಕೊನೆಯ ವಾರದ ಬಗ್ಗೆ ತಾವು ತಿಳಿಸಬಹುದು. ಸಂಸ್ಥೆಯು ಏಪ್ರಿಲ್ 12ರಂದು ದಿನಾಂಕವನ್ನು ಗೊತ್ತುಮಾಡಲಿದೆ.”

ಇಷ್ಟೇ. ಮಾನವಸೇವೆಯ ಮಾತು ಒಂದೂ ಇಲ್ಲವೆಂದು ತರುಣನಿಗೆ ಸ್ವಲ್ಪ ಬೇಸರವಾಯಿತು. ಏಪ್ರಿಲ್ 4ರಂದು ಕೊಟ್ಟು ಬಂದನು. ಕೊನೆಯ ಸಾಲಿನ ದಿನಾಂಕವನ್ನು ಓದುಗರು ಗಮನಿಸಬೇಕು. ‘ಶೀಘ್ರ ಉತ್ತರ ದಯಪಾಲಿಸಿ’ ಎಂದರೆ ಅರ್ಜಿ ಮೇಜಿನ ಮೇಲೆ ಮಲಗುತ್ತದೆ. ಏಕೆ 12ರೊಳಗೆ ಎಂಬ ಕಾರಣ ಅದರಲ್ಲಿಯೇ ಇದ್ದರೆ ಒತ್ತಾಯವೆನಿಸದೆ ಉತ್ತರ ಬರುತ್ತದೆ.

9ನೆಯ ತಾರೀಖು ಸಾಹೇಬರು ಅವನನ್ನು ಕರೆಸಿದರು. ಕೇಳಿದ ಪ್ರಶ್ನೆಗಳು ಎರಡೇ. ಸಹಿ ಮಾಡಿದ ಸಹೋದ್ಯೋಗಿ ನಿಜವಾಗಿಯೂ ಆ ವಾರ ಊರಲ್ಲಿರುತ್ತಾನೆಯೇ ಎಂಬುದು ಒಂದು. ಅಳತೆಯಲ್ಲಿ ಕೆಟ್ಟ ಗುಂಡಿ ಸಿಕ್ಕರೆ ಅದನ್ನು ಸರಿಮಾಡುವ ಖರ್ಚು ಎಷ್ಟಾದೀತು ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆ ಕೇಳಿದರೆಂದು ತಿಳಿದಾಗಲೇ ರಜೆ ಸಿಕ್ಕಿತೆಂದು ನಮಗೆ ಅರ್ಥವಾಯಿತು. ಕೊಡುವ ಮನಸ್ಸಿಲ್ಲದವರು ಅಷ್ಟು ಮುಂದಿನದನ್ನು ಯೋಚಿಸುವುದಿಲ್ಲ.

ಆ ವಾರದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಹನ್ನೆರಡು ಜನ ಎರಡು ತಂಡಗಳಾಗಿ ಹೋದರು. ಬಸವ ಜಯಂತಿಯ ಬೆಳಿಗ್ಗೆ ಊರಿನ ಮೆರವಣಿಗೆಯಲ್ಲಿ ನಡೆದು ಮಧ್ಯಾಹ್ನ ಕೆಲಸಕ್ಕೆ ಕೂತರು. ಬೋರ್ಡುಗಳನ್ನು ನೀರಿನ ಗುರುತಿಗಿಂತ ಮೇಲಕ್ಕೆ ಏರಿಸಿದರು. ಹಳೆಯ ತಂತಿ ಕಿತ್ತರು. ಮುಖ್ಯ ಪೆಟ್ಟಿಗೆಯಲ್ಲಿ ಸೋರಿಕೆಯಾದೊಡನೆ ಸರಬರಾಜನ್ನು ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚು ಕೂರಿಸಿದರು. ಮಗುವಿನ ಕೈ ಜುಮ್ಮೆಂದ ಶಾಲೆಯ ಗುಂಡಿ 38 ಓಮ್ ತೋರಿಸಿತು. ಮಣ್ಣು ಕೊಳವೆಯಿಂದ ಬೆರಳಗಲ ದೂರ ಸರಿದಿತ್ತು, ಮೋಟಾರಿನಿಂದ ಬಂದ ಅರ್ಥ್ ತಂತಿಯ ಬೋಲ್ಟು ತುಕ್ಕು ಹಿಡಿದು ಬಿದ್ದುಹೋಗಿತ್ತು. ಹೊಸ ಕೊಳವೆ ಹೂತು, ತಂತಿ ಜೋಡಿಸಿ, ನೀರು ಹಾಕಿ ಎರಡು ದಿನದ ಮೇಲೆ ಅಳೆದಾಗ 6 ಓಮ್‌ಗೆ ಇಳಿಯಿತು. ಹುಕ್ಕೇರಿ ಕಡೆಯ ಒಂದು ಶಾಲೆಯ ಕೆಲಸ ಮಾತ್ರ ಮುಗಿಯಲಿಲ್ಲ. ಅಲ್ಲಿ ಛಾವಣಿಯೇ ಸೋರುತ್ತಿದ್ದುದರಿಂದ ಜೋಡಣೆಯನ್ನು ಪೂರ್ತಿಯಾಗಿ ಕಡಿದು, ಛಾವಣಿ ಆದ ಮೇಲೆ ಮಾಡುವುದೆಂದು ಮುಖ್ಯಗುರುಗಳಿಗೆ ಬರೆದುಕೊಟ್ಟು ಬಂದರು.

8ನೆಯ ತಾರೀಖು ಭಾನುವಾರ ತರುಣನು ಮಲಗಿ ಎದ್ದು, ಸೋಮವಾರ ಪಾಳಿಗೆ ಹೋದನು. ಮೊದಲನೆಯ ವಾರದಲ್ಲಿಯೇ ಒಂದು ಪುಟದ ವರದಿ ಕೊಡುವಂತೆ ಅವನಿಗೆ ಹೇಳಿದ್ದೆವು. ಎಲ್ಲಿ, ಎಷ್ಟು, ಏನು ಕಲಿತೆ ಎಂದಷ್ಟೇ ಬರೆದು, ಸಂಸ್ಥೆಯ ಪ್ರಮಾಣಪತ್ರ ಸೇರಿಸಿ ಕೊಟ್ಟನು. ಕಾಲನಿಯ ಗುಂಡಿಗಳನ್ನು ಮೇ 20, 21ರಂದು ಅಳೆದನು. ಹನ್ನೊಂದು ಸರಿಯಾಗಿದ್ದವು. ಎರಡರಲ್ಲಿ ಅಂಕಿ ಹೆಚ್ಚಾಗಿತ್ತು, ನೀರು ಹಾಕಿ ಇದ್ದಿಲು ಬದಲಿಸಿದ ಮೇಲೆ ಇಳಿಯಿತು. ಹದಿನಾಲ್ಕನೆಯ ಗುಂಡಿಯಲ್ಲಿ ಅಂಕಿ ನಿಲ್ಲದೆ ಓಡಾಡಿತು. ಅಗೆದು ನೋಡಿದರೆ ಕೊಳವೆಯೇ ಇರಲಿಲ್ಲ. ಮೇಲಿನ ಒಂದು ಅಡಿ ತುಂಡನ್ನು ಸಿಮೆಂಟಿನಲ್ಲಿ ನಿಲ್ಲಿಸಿ ಮುಚ್ಚಳ ಹಾಕಿದ್ದರು. ಅದು ಯಾವ ಕಾಲದಲ್ಲಿ ಯಾರು ಮಾಡಿದ ಗುತ್ತಿಗೆಯೋ ಕಡತದಲ್ಲಿ ಸಿಗಲಿಲ್ಲ. ಆ ಗುಂಡಿಗೆ ಸೇರಿದ ನಾಲ್ಕು ಮನೆಗಳಲ್ಲಿ ಒಂದು, ವಿದ್ಯುತ್ ವಿಭಾಗದ ಮುಖ್ಯಸ್ಥರದೇ ಆಗಿತ್ತು.

ಜೂನ್‌ನಲ್ಲಿ ತಂಗಿಯ ಮದುವೆಗೆ ಆರು ದಿನಗಳ ರಜೆ ಕೇಳುವಾಗ ಅವನು ನಮ್ಮ ಕಟ್ಟೆಗೆ ಬರಲಿಲ್ಲ, ತಾನೇ ಬರೆದುಕೊಂಡನು. ಮರುವರ್ಷ ಅದೇ ಕಾರ್ಖಾನೆಯ ಫಿಟ್ಟರ್ ಒಬ್ಬರು ಹುಕ್ಕೇರಿ ಕಡೆಯ ಉಳಿದ ಶಾಲೆಗೆ ನೀರಿನ ಪಂಪಿನ ಕೆಲಸಕ್ಕೆ ಹೋಗಲು ಅರ್ಜಿ ಬರೆದಾಗ, ಹಿಂದಿನ ವರದಿಯ ನಕಲನ್ನು ಲಗತ್ತಿಸಿ ಕಳುಹಿಸಿದರು. ಟೈಮ್ ಆಫೀಸಿನಲ್ಲಿ ಈಗ ಕುಳಿತಿರುವವರು ನಮಗೆ ಪರಿಚಯದವರೇ. ‘ಈವರೆಗೆ ಯಾರಿಗಾದರೂ ಹೀಗೆ ಕೊಟ್ಟಿದ್ದುಂಟೇ’ ಎಂಬ ಪ್ರಶ್ನೆಗೆ ಅವರು ಆ ಅರ್ಜಿಯ ಅಂಚಿನಲ್ಲಿ ‘ಉಂಟು, 2022, ಗಳಿಕೆ ರಜೆ, ವರದಿ ಲಗತ್ತು’ ಎಂದು ಷರಾ ಬರೆದರಂತೆ.